ಬೇವು-ಬೆಲ್ಲದ ಅರ್ಥ ಹೇಳುವ ಪುಟ್ಟ ಯುಗಾದಿ ಶುಭಾಶಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಬೆಂಗಳೂರಿನ ಬಸವನಗುಡಿಯಲ್ಲಿದೆ. ಐದಾರು ವರ್ಷಗಳಿಂದ ಪ್ರತಿ ಯುಗಾದಿಗೂ ಮುಕ್ಕಾಲು ನಿಮಿಷದ ಒಂದು ಶುಭಾಶಯದ ವಿಡಿಯೊ ಮಾಡಿ ನೆಂಟರಿಗೆ, ಬೀದಿಯವರಿಗೆ ಕಳಿಸುತ್ತಿದ್ದೇವೆ. ಬೇವು-ಬೆಲ್ಲ ಯಾಕೆ ತಿನ್ನುತ್ತೇವೆ ಅಂತ ಅದರಲ್ಲಿ ಎರಡು ಮಾತು ಇರುತ್ತದೆ. ಹಬ್ಬ ಹತ್ತಿರ ಬರುತ್ತಿದ್ದ ಹಾಗೆ "ನಮಗೂ ಹೀಗೇ ಒಂದು ಬರೆದುಕೊಡಿ" ಅಂತ ಫೋನು ಶುರುವಾಗುತ್ತದೆ. ಜೊತೆಗೆ ಅವೇ ಪ್ರಶ್ನೆಗಳು. ಈ ವರ್ಷ, ಅಂದರೆ 2026ರಲ್ಲಿ, ಯುಗಾದಿ ಮಾರ್ಚ್ 19ರ ಗುರುವಾರ. ಅದಕ್ಕೆ ಮೊದಲೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ಬೇವು-ಬೆಲ್ಲದ ಅರ್ಥವನ್ನು ಒಂದೇ ಮಾತಿನಲ್ಲಿ ಹೇಳುವುದು ಹೇಗೆ?

"ವರ್ಷದಲ್ಲಿ ಕಹಿಯೂ ಬರುತ್ತೆ, ಸಿಹಿಯೂ ಬರುತ್ತೆ. ಎರಡನ್ನೂ ಆರಿಸದೆ ತಗೊಳ್ತೀವಿ." ನಾನು ಹೇಳುವುದು ಇಷ್ಟೇ.

ಇದರಲ್ಲಿ ಮುಖ್ಯವಾದ ಪದ "ಆರಿಸದೆ". ಚಿಕ್ಕವಳಿದ್ದಾಗ ನಾನು ಅಂಗೈಯಲ್ಲಿ ಹಾಕಿದ ಬೇವು-ಬೆಲ್ಲವನ್ನು ಕಿಟಕಿ ಹತ್ತಿರ ಹಿಡಿದುಕೊಂಡು ಹೋಗಿ, ಬೆಲ್ಲದ ಚೂರನ್ನು ಮಾತ್ರ ಹೆಕ್ಕಿ ತಿಂದು, ಹೂವನ್ನು ಕಿಟಕಿಯ ಸಂದಿಗೆ ತುರುಕುತ್ತಿದ್ದೆ. ಒಂದು ವರ್ಷ ಅಜ್ಜಿ ನೋಡಿದರು. ಬೈಯಲಿಲ್ಲ. ಮರುವರ್ಷದಿಂದ ಬೆಲ್ಲವನ್ನೂ ಹೂವನ್ನೂ ಒಟ್ಟಿಗೆ ಹಾಕಿ, ಬೇರೆ ಮಾಡಲು ಬಾರದ ಹಾಗೆ ಕುಟ್ಟಿ ಕೊಡಲು ಶುರುಮಾಡಿದರು. "ಈಗ ಆರಿಸು ನೋಡೋಣ" ಅಂದರು. ಬಾಯಿಗಿಟ್ಟರೆ ಮೊದಲು ಬೆಲ್ಲ ಕರಗುತ್ತದೆ, ನಾಲಿಗೆಗೆ ಸಿಹಿ. ನುಂಗುವ ಹೊತ್ತಿಗೆ ಹಿಂದೆ, ಗಂಟಲ ಹತ್ತಿರ, ಕಹಿ ಏಳುತ್ತದೆ. ಆಮೇಲೆ ಎರಡೂ ಒಟ್ಟಿಗೆ ಸ್ವಲ್ಪ ಹೊತ್ತು ಉಳಿಯುತ್ತವೆ. ಶುಭಾಶಯದಲ್ಲಿ ಹೇಳಬೇಕಾದ್ದು ಆ ಬಾಯಿಯ ಅನುಭವವನ್ನೇ. ಅದನ್ನು ಬಿಟ್ಟು ದೊಡ್ಡ ಪದಗಳಿಗೆ ಹೋದರೆ ಕೇಳುವವರಿಗೆ ಏನೂ ತಾಕುವುದಿಲ್ಲ.

"ಕಹಿಯೆಲ್ಲ ದೂರವಾಗಲಿ, ಬರೀ ಸಿಹಿ ತುಂಬಲಿ" ಅಂತ ಹಾರೈಸಿದರೆ ತಪ್ಪೇನು?

ಹಾರೈಕೆ ಅಂತ ನೋಡಿದರೆ ತಪ್ಪಿಲ್ಲ. ಯಾರಿಗೆ ತಾನೆ ಕಷ್ಟ ಬೇಕು? ಆದರೆ ಬೇವು-ಬೆಲ್ಲದ ಅರ್ಥ ಹೇಳಿ, ಮರುವಾಕ್ಯದಲ್ಲೇ ಹೀಗೆ ಬರೆದರೆ ಮೊದಲು ಹೇಳಿದ್ದನ್ನು ನಾವೇ ಅಳಿಸಿದ ಹಾಗೆ. ಬರೀ ಸಿಹಿ ಸಾಕು ಅನ್ನುವುದಾದರೆ ಬೆಲ್ಲ ಮಾತ್ರ ತಿನ್ನಬಹುದಿತ್ತಲ್ವಾ? ಬೇವು ಯಾಕೆ ಬೇಕಿತ್ತು?

ಇದು ನನಗೆ ಗೊತ್ತಾಗಿದ್ದು ಒಂದು ಕೆಟ್ಟ ಅನುಭವದಿಂದ. ಮೊದಲ ವರ್ಷದ ನಮ್ಮ ವಿಡಿಯೊ ಇದೇ ಮಾತಿನಿಂದ ಮುಗಿಯುತ್ತಿತ್ತು. ಎಲ್ಲರಿಗೂ ಕಳಿಸಿದ ಹಾಗೆ ಪಕ್ಕದ ಬೀದಿಯ ಅಕ್ಕನಿಗೂ ಕಳಿಸಿದೆ. ಅವರ ಯಜಮಾನರು ತೀರಿಕೊಂಡು ಆಗ ನಾಲ್ಕು ತಿಂಗಳು. ಸಂಜೆ ಸಿಕ್ಕಾಗ ಅವರು ಬೇಜಾರಿನಿಂದೇನೂ ಹೇಳಲಿಲ್ಲ. "ಬರೀ ಸಿಹಿ ಅಂತೆಲ್ಲ ಇನ್ನು ನನಗೆ ಹೇಳಬೇಡ ಕಣೇ. ಬೇವು ಇದೆ ಅಂತ ಹೇಳು, ಅದು ನಿಜ" ಅಂದರು. ಅವತ್ತೇ ಆ ವಾಕ್ಯ ತೆಗೆದೆ. ಶುಭಾಶಯ ಕಳಿಸುವಾಗ ಪಟ್ಟಿಯಲ್ಲಿ ನೂರು ಹೆಸರಿದ್ದರೆ, ಅದರಲ್ಲಿ ಕೆಲವರ ಮನೆಯಲ್ಲಿ ಆ ವರ್ಷ ಬೇವೇ ಜಾಸ್ತಿ ಇರುತ್ತದೆ. ಅವರಿಗೂ ಹೊಂದುವ ಮಾತು ಬೇಕು. ಹಬ್ಬದ ತಿನಿಸಿನಲ್ಲೇ ಕಹಿಗೆ ಜಾಗ ಇಟ್ಟುಕೊಂಡಿರುವ ನಮಗೆ ಅದು ಕಷ್ಟವಾಗಬಾರದು.

ಬದಲಿಗೆ ಏನು ಬರೆಯಬಹುದು? "ಸಿಹಿ ಬಂದಾಗ ಹಂಚಿಕೊಳ್ಳೋಣ, ಕಹಿ ಬಂದಾಗ ಜೊತೆಗಿರೋಣ." ಇದು ಹಾರೈಕೆಯೂ ಹೌದು, ಮಾತು ಕೊಟ್ಟ ಹಾಗೂ ಹೌದು. ಆದರೆ ನಿಜಕ್ಕೂ ಜೊತೆಗಿರುವವರು ಮಾತ್ರ ಇದನ್ನು ಕಳಿಸಿ.

ಹಾಗಾದರೆ ಒಪ್ಪಿಕೊಳ್ಳುವುದು ಅಂದರೆ ಬಂದದ್ದನ್ನೆಲ್ಲ ಸಹಿಸಿಕೊಂಡು ಸುಮ್ನೆ ಇರಬೇಕು ಅಂತಾನಾ?

ಅಲ್ಲ. ಬೇವನ್ನು ಯಾರೂ ಬಟ್ಟಲು ತುಂಬ ತಿನ್ನುವುದಿಲ್ಲ. ಒಂದು ಚಿಟಿಕೆ, ಅದೂ ಬೆಲ್ಲದ ಜೊತೆ, ಅದೂ ಮನೆಯವರೆಲ್ಲ ಒಟ್ಟಿಗೆ ನಿಂತು. ಕಾಯಿಲೆ, ಸಾವು, ಕೈತಪ್ಪಿದ ಕೆಲಸ, ಇಂಥವನ್ನು ನಡೆದಿಲ್ಲ ಅನ್ನದೆ ತೆಗೆದುಕೊಳ್ಳುವುದು ಒಪ್ಪಿಕೊಳ್ಳುವುದು. ಯಾರೋ ಮಾಡಿದ ಅನ್ಯಾಯವನ್ನು ಸಹಿಸಿಕೋ ಅಂತ ಹೇಳಲು ಬೇವು-ಬೆಲ್ಲವನ್ನು ಬಳಸಬಾರದು. ಗಂಡನ ಮನೆಯಲ್ಲಿ ಕಷ್ಟಪಡುತ್ತಿರುವ ಹುಡುಗಿಗೆ "ಬಾಳೇ ಬೇವು-ಬೆಲ್ಲ ಅಲ್ವಾ, ಹೊಂದಿಕೊಂಡು ಹೋಗಮ್ಮ" ಅಂತ ಹಬ್ಬದ ದಿನ ಬುದ್ಧಿ ಹೇಳುವುದನ್ನು ನಾನೇ ಕೇಳಿದ್ದೇನೆ. ಅದು ಈ ಆಚರಣೆಗೇ ಮಾಡುವ ಅವಮಾನ. ಬೇವು ವಸಂತದಲ್ಲಿ ತಾನಾಗಿ ಹೂ ಬಿಡುತ್ತದೆ. ಇನ್ನೊಬ್ಬರ ಬಾಯಿಗೆ ತುರುಕುವ ಕಹಿ ಬೇರೆ.

ಶುಭಾಶಯದಲ್ಲಿ ಶ್ಲೋಕ ಹೇಳಬೇಕಾ?

ಮನೆಯಲ್ಲಿ ಹೇಳುವ ರೂಢಿ ಇದ್ದರೆ ಹೇಳಿ. ಬೇವು-ಬೆಲ್ಲ ತಿನ್ನುವಾಗ ಹೇಳುವುದು ಇದು:

ಶತಾಯುರ್ವಜ್ರದೇಹಾಯ ಸರ್ವಸಂಪತ್ಕರಾಯ ಚ |
ಸರ್ವಾರಿಷ್ಟವಿನಾಶಾಯ ನಿಂಬಕಂದಲಭಕ್ಷಣಮ್ ||

ನೂರು ವರ್ಷದ ಆಯುಸ್ಸು, ವಜ್ರದಂಥ ಗಟ್ಟಿ ಮೈ, ಎಲ್ಲ ಸಂಪತ್ತು ಸಿಗಲಿ, ಎಲ್ಲ ಕೇಡು ಅಳಿಯಲಿ ಅಂತ ಬೇವಿನ ಚಿಗುರು ತಿನ್ನುತ್ತೇನೆ ಅನ್ನುವುದು ಇದರ ಅರ್ಥ. ಕೆಲವು ಮನೆಗಳಲ್ಲಿ ಕೊನೆಯ ಪಾದವನ್ನು "ನಿಂಬಕಂ ದಳಭಕ್ಷಣಂ" ಅಂತ ಹೇಳುತ್ತಾರೆ. ನಿಮ್ಮ ಮನೆಯಲ್ಲಿ ಹೇಗಿದೆಯೋ ಹಾಗೆ ಹೇಳಿ.

ಇಲ್ಲಿ ಒಂದು ವಿಷಯ ಗಮನಿಸಿ. ಶ್ಲೋಕದಲ್ಲಿ ಬೆಲ್ಲದ ಹೆಸರೇ ಇಲ್ಲ. ಸುಖ-ದುಃಖದ ಮಾತೂ ಇಲ್ಲ. ಇರುವುದು ಬೇವು, ಆರೋಗ್ಯ, ಆಯುಸ್ಸು. ಕಹಿ-ಸಿಹಿಯನ್ನು ಒಟ್ಟಿಗೆ ಒಪ್ಪಿಕೊಳ್ಳುವುದು ಅನ್ನುವ ಅರ್ಥ ನಮ್ಮ ಮನೆಮನೆಗಳಲ್ಲಿ, ಅಂಗೈಗೆ ಹಾಕಿ ಕೊಡುವಾಗ ಹೇಳಿಕೊಂಡು ಬಂದ ಮಾತು. ಹಾಗಾಗಿ ಶ್ಲೋಕ ಹೇಳಿ, ಕೂಡಲೇ "ಅಂದರೆ ಸುಖ-ದುಃಖವನ್ನು ಸಮನಾಗಿ ಕಾಣಬೇಕು ಅಂತ ಇದರ ಅರ್ಥ" ಅಂತ ಸೇರಿಸಬೇಡಿ. ವಿಡಿಯೊಗಳಲ್ಲಿ ಕಾಣುವ ತಪ್ಪು ಇದು. ಎರಡನ್ನೂ ಹೇಳುವ ಆಸೆ ಇದ್ದರೆ ಬೇರೆ ಬೇರೆ ಹೇಳಿ: ಶ್ಲೋಕ ಆರೋಗ್ಯ ಕೇಳುತ್ತದೆ, ಬೆಲ್ಲ ಸೇರಿಸಿದ ಮನೆಯ ಹಿರಿಯರು ಬಾಳಿನ ಮಾತು ಹೇಳುತ್ತಾರೆ. ಮುಕ್ಕಾಲು ನಿಮಿಷದಲ್ಲಿ ಎರಡಕ್ಕೂ ಜಾಗ ಸಾಲುವುದಿಲ್ಲ. ನಾವು ಶ್ಲೋಕವನ್ನು ದೇವರ ಮುಂದೆ ಹೇಳಿಕೊಳ್ಳುತ್ತೇವೆ, ವಿಡಿಯೊದಲ್ಲಿ ಬಿಡುತ್ತೇವೆ.

ಬೇವು-ಬೆಲ್ಲವನ್ನು ಸರಿಯಾಗಿ ಮಾಡುವುದು ಹೇಗೆ? ವಿಡಿಯೊದಲ್ಲಿ ತೋರಿಸಬೇಕು.

ಐದು ಜನಕ್ಕೆ ನಮ್ಮ ಮನೆಯ ಅಳತೆ: ಪುಡಿ ಮಾಡಿದ ಬೆಲ್ಲ ನಾಲ್ಕು ಚಮಚ, ಬೇವಿನ ಹೂ ಒಂದು ಚಮಚ, ನಾಲ್ಕೈದು ಎಳೆ ಚಿಗುರೆಲೆ. ಬೇಕಿದ್ದರೆ ಎರಡು ಚಮಚ ಹುರಿಗಡಲೆ. ಕೆಲವರು ಕೊಬ್ಬರಿ, ಏಲಕ್ಕಿ, ಗಸಗಸೆ ಹಾಕುತ್ತಾರೆ. ರುಚಿಯಾಗಿರುತ್ತದೆ, ಆದರೆ ಜಾಸ್ತಿ ಹಾಕಿದರೆ ಬೇವು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ.

ಹೂಗೊಂಚಲನ್ನು ಮೊದಲು ಬಿಳಿ ಹಾಳೆಯ ಮೇಲೆ ಹಿಡಿದು ನಿಧಾನಕ್ಕೆ ಕೊಡವಿ. ಇರುವೆ, ಸಣ್ಣ ಹುಳ ಕೆಳಗೆ ಬೀಳುತ್ತವೆ. ಆಮೇಲೆ ಬೋಗುಣಿ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು ಬಟ್ಟೆಯ ಮೇಲೆ ಹರಡಿ. ನಲ್ಲಿಯ ಕೆಳಗೆ ಹಿಡಿಯಬೇಡಿ, ಎಸಳೆಲ್ಲ ಉದುರಿ ಹೋಗುತ್ತವೆ. ಒಣಗಿದ ಮೇಲೆ ಹೂವನ್ನು ಕಡ್ಡಿಯಿಂದ ಬಿಡಿಸಿ. ಕಡ್ಡಿ ಸೇರಿದರೆ ನಾರು ನಾರಾಗಿ ಬಾಯಿಗೆ ಸಿಗುತ್ತದೆ. ಹೂವಿನ ಕಹಿ ಮೆದು, ಎಲೆಯ ಕಹಿ ಗಟ್ಟಿ. ಅದಕ್ಕೇ ಹೂ ಜಾಸ್ತಿ, ಎಲೆ ಕಡಿಮೆ.

ಕುಟ್ಟಲು ಚಿಕ್ಕ ಕಲ್ಲಿನ ಕುಟ್ಟಾಣಿ ಸಾಕು. ಮಿಕ್ಸಿಗೆ ಹಾಕಬೇಡಿ. ಮಿಕ್ಸಿಯಲ್ಲಿ ಎಲೆ ನುಣ್ಣಗಾಗಿ ಹಸಿರು ರಸ ಬಿಟ್ಟು ಇಡೀ ಬೆಲ್ಲ ಕಹಿಯಾಗುತ್ತದೆ. ಕುಟ್ಟಿದರೆ ಒಂದು ತುತ್ತಿನಲ್ಲಿ ಎರಡು ರುಚಿ ಬೇರೆ ಬೇರೆಯಾಗಿ, ಒಂದರ ಹಿಂದೆ ಒಂದು ಸಿಗುತ್ತವೆ. ಹಿಂದಿನ ರಾತ್ರಿಯೇ ಮಾಡಿಡುವುದೂ ಬೇಡ. ಬೆಲ್ಲ ಬೆವರುತ್ತದೆ, ಎಲೆ ಕಪ್ಪಾಗುತ್ತದೆ, ಬೆಳಿಗ್ಗೆ ಹೊತ್ತಿಗೆ ಅಂಟು ಮುದ್ದೆ. ಚೆನ್ನಾಗಿ ಬಂದಿದೆಯಾ ಅಂತ ನೋಡಲು ಒಂದು ಚಿಟಿಕೆ ತೆಗೆದು ಅಂಗೈಗೆ ಹಾಕಿ. ಉದುರುದುರಾಗಿ ಬಿದ್ದು, ಬಿಳಿ ಎಸಳು ಕಾಣುತ್ತಿದ್ದರೆ ಸರಿ.

ಬೆಲ್ಲ ಕೊಳ್ಳುವಾಗ ಬಣ್ಣ ನೋಡಿ. ತುಂಬ ಬಿಳುಚಿದ, ಹಳದಿ ಹೊಳಪಿನ ಅಚ್ಚು ಬೆಲ್ಲಕ್ಕೆ ಬಣ್ಣ ತೆಗೆಯುವ ರಾಸಾಯನಿಕ ಹಾಕಿರುವ ಸಾಧ್ಯತೆ ಇರುತ್ತದೆ. ಕಂದು ಬಣ್ಣದ್ದು ವಿಡಿಯೊದಲ್ಲಿ ಮಂಕಾಗಿ ಕಂಡರೂ ತಿನ್ನಲು ಅದೇ ವಾಸಿ.

ನಮ್ಮ ಬೀದಿಯಲ್ಲಿರುವುದು ಬೇವಿನ ಮರಾನಾ ಅಂತ ಗುರುತಿಸುವುದು ಹೇಗೆ?

ಬೆಂಗಳೂರಿನಲ್ಲಿ ಈ ಪ್ರಶ್ನೆ ಸುಮ್ಮನೆ ಕೇಳುವುದಲ್ಲ. ಹುಚ್ಚುಬೇವು, ಹೆಬ್ಬೇವು ದೂರದಿಂದ ಬೇವಿನ ಹಾಗೇ ಕಾಣುತ್ತವೆ. ಹುಚ್ಚುಬೇವು ತಿನ್ನುವಂಥದ್ದಲ್ಲ, ಅದರ ಕಾಯಿ ವಿಷ.

ಎಲೆಯ ಕಡ್ಡಿ ಹಿಡಿದು ನೋಡಿ. ನಿಜವಾದ ಬೇವಿನಲ್ಲಿ ಒಂದೇ ಕಡ್ಡಿ, ಅದರ ಎರಡೂ ಬದಿಗೆ ಎಲೆಗಳು ಸಾಲಾಗಿ ನೇರವಾಗಿ ಅಂಟಿರುತ್ತವೆ. ಒಂದೊಂದು ಎಲೆಯೂ ಕುಡುಗೋಲಿನ ಹಾಗೆ ಸ್ವಲ್ಪ ಬಾಗಿ, ಅಂಚಿನಲ್ಲಿ ಗರಗಸದ ಹಲ್ಲು ಇರುತ್ತದೆ. ಬುಡದಲ್ಲಿ ಒಂದು ಬದಿ ಅಗಲ, ಇನ್ನೊಂದು ಕಿರಿದು. ಹುಚ್ಚುಬೇವು, ಹೆಬ್ಬೇವಿನಲ್ಲಿ ದೊಡ್ಡ ಕಡ್ಡಿಯಿಂದ ಮತ್ತೆ ಸಣ್ಣ ಕಡ್ಡಿಗಳು ಹೊರಟು, ಅವುಗಳ ಮೇಲೆ ಎಲೆಗಳಿರುತ್ತವೆ. ಹೂ ನೋಡಿದರೂ ತಿಳಿಯುತ್ತದೆ: ಬೇವಿನ ಹೂ ಬಿಳಿ, ಪುಟ್ಟದು, ಐದೆಸಳು, ಜೇನಿನ ಹಾಗೆ ಸಣ್ಣಗೆ ಘಮ್ಮೆನ್ನುತ್ತದೆ. ಹುಚ್ಚುಬೇವಿನ ಹೂ ತಿಳಿ ನೇರಳೆ. ಸಂದೇಹ ಉಳಿದರೆ ಮರ ಹತ್ತುವುದು ಬೇಡ, ಗಾಂಧಿ ಬಜಾರ್‌ಗೋ ಮಲ್ಲೇಶ್ವರದ ಮಾರುಕಟ್ಟೆಗೋ ಹೋಗಿ. ಹಬ್ಬದ ಹಿಂದಿನ ದಿನ ಮಾವಿನ ಸೊಪ್ಪಿನ ಜೊತೆ ಬೇವಿನ ಸೊಪ್ಪಿನ ಕಟ್ಟನ್ನೂ ರಾಶಿ ಹಾಕಿ ಮಾರುತ್ತಾರೆ. ಹೂ ಇರುವ ಕಟ್ಟನ್ನೇ ಕೇಳಿ ತಗೊಳ್ಳಿ.

ಯುಗಾದಿ ಈ ವರ್ಷದ ಹಾಗೆ ಮಾರ್ಚ್‌ನಲ್ಲೇ ಬಂದರೆ ಕೆಲವು ಮರಗಳಲ್ಲಿ ಇನ್ನೂ ಮೊಗ್ಗು ಮಾತ್ರ ಇರಬಹುದು. ಮೊಗ್ಗೂ ನಡೆಯುತ್ತದೆ. ಇಲ್ಲದಿದ್ದರೆ ತಾಮ್ರದ ಬಣ್ಣದ ಎಳೆ ಚಿಗುರು. ದೊಡ್ಡ ರಸ್ತೆಯ ಪಕ್ಕದ ಮರದ್ದು ಬೇಡ, ಅದರ ತುಂಬ ಹೊಗೆ, ಧೂಳು.

ವಿಡಿಯೊಗೆ ಬೇರೆ ಕಡೆಯಿಂದ ಚಿತ್ರ ಹುಡುಕಿ ಹಾಕುವವರು ಇನ್ನೊಂದು ತಪ್ಪು ಮಾಡುತ್ತಾರೆ. ಬೇವಿನ ಬದಲು ಕರಿಬೇವಿನ ಚಿತ್ರ ಬಂದುಬಿಟ್ಟಿರುತ್ತದೆ. ಕರಿಬೇವಿನ ಎಲೆಯ ಅಂಚಿನಲ್ಲಿ ಅಷ್ಟು ಎದ್ದು ಕಾಣುವ ಹಲ್ಲು ಇರುವುದಿಲ್ಲ. ಒಗ್ಗರಣೆ ಎಲೆ ತೋರಿಸಿ ಬಾಳಿನ ಕಹಿ ಅಂದರೆ ಅಡುಗೆ ಮಾಡುವ ಯಾರೂ ಒಪ್ಪುವುದಿಲ್ಲ.

ವಿಡಿಯೊ ಎಷ್ಟು ಉದ್ದ ಇರಬೇಕು? ಅದರಲ್ಲಿ ಏನು ಮಾತಾಡಬೇಕು?

ಮುಕ್ಕಾಲು ನಿಮಿಷ. ಸುಮಾರು ಐವತ್ತು ಪದ. ಅದಕ್ಕಿಂತ ಜಾಸ್ತಿ ಬರೆದರೆ ಓಡೋಡಿ ಹೇಳಬೇಕಾಗುತ್ತದೆ. ಹಬ್ಬದ ಬೆಳಿಗ್ಗೆ ಯಾರಿಗೂ ಅಷ್ಟು ಪುರುಸೊತ್ತೂ ಇರುವುದಿಲ್ಲ: ಎಣ್ಣೆ ಸ್ನಾನ, ತೋರಣ, ಪೂಜೆ, ಒಲೆಯ ಮೇಲೆ ಹೋಳಿಗೆಗೆ ಬೇಳೆ.

ಹೋದ ವರ್ಷ ನಮ್ಮ ತಂಗಿಯ ಮಗ ತನ್ನ ಕಾಲೇಜಿನ ಗೆಳೆಯರಿಗೆ ಕಳಿಸಲು ಬರೆದುಕೊಂಡು ಬಂದದ್ದು ಹೀಗಿತ್ತು:

"ಎಲ್ಲರಿಗೂ ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು. ಯುಗಾದಿ ನಮ್ಮ ಸಂಸ್ಕೃತಿಯ ಮಹತ್ವದ ಹಬ್ಬ. ಈ ದಿನ ಬೇವು-ಬೆಲ್ಲ ಸೇವಿಸುವುದು ವಾಡಿಕೆ. ಬೇವು ಕಷ್ಟದ ಸಂಕೇತ, ಬೆಲ್ಲ ಸುಖದ ಸಂಕೇತ. ಜೀವನದಲ್ಲಿ ಎರಡನ್ನೂ ಸಮನಾಗಿ ಸ್ವೀಕರಿಸಬೇಕು ಎಂಬುದೇ ಇದರ ಸಂದೇಶ. ನಿಮ್ಮ ಬಾಳಿನ ಕಹಿಯೆಲ್ಲ ದೂರವಾಗಿ ಸಿಹಿಯೇ ತುಂಬಲಿ."

ಇಬ್ಬರೂ ಅಡುಗೆಮನೆಯ ಕಟ್ಟೆ ಹತ್ತಿರ ಕೂತು ಒಂದೊಂದೇ ವಾಕ್ಯ ನೋಡಿದೆವು. ಮೊದಲ ಎರಡು ವಾಕ್ಯ ಯಾವ ಹಬ್ಬಕ್ಕೂ ಹೊಂದುತ್ತವೆ. ಹೆಸರು ಬದಲಿಸಿದರೆ ದೀಪಾವಳಿಗೂ ಆಯಿತು. ಶುಭಾಶಯ ಕೊನೆಗೆ ಬಂದರೂ ಸಾಕು, ಮೊದಲ ಐದು ಸೆಕೆಂಡಿನಲ್ಲಿ ಕುಟ್ಟಾಣಿಯ ಸದ್ದು ಕೇಳಿಸಲಿ ಅಂದೆ. "ಸೇವಿಸುವುದು" ಮಾತ್ರೆ ಚೀಟಿಯ ಮಾತು. ನಾವು ಬೇವು-ಬೆಲ್ಲ ತಿನ್ನುತ್ತೇವೆ, ಇಲ್ಲ ತಗೊಳ್ಳುತ್ತೇವೆ. "ಸಮನಾಗಿ" ಅಂತ ಬರೆದಿದ್ದ. ಅಳತೆ ನೋಡಿದರೆ ನಾಲ್ಕಕ್ಕೆ ಒಂದು, ಸಮ ಎಲ್ಲಿ ಬಂತು? ಸಮ ಹಾಕಿದರೆ ಯಾರೂ ನುಂಗಲಾರರು. ಹಿರಿಯರಿಗೆ ಅದು ಗೊತ್ತಿತ್ತು, ಅದಕ್ಕೇ ಬೆಲ್ಲದ ಕೈ ಸ್ವಲ್ಪ ಧಾರಾಳ. "ಸ್ವೀಕರಿಸಬೇಕು" ಅನ್ನುವುದು ಉಪದೇಶ ಆಗುತ್ತದೆ. ಹತ್ತೊಂಬತ್ತರ ಹುಡುಗ ಗೆಳೆಯರಿಗೆ ಹಾಗೆ ಹೇಳುವುದಿಲ್ಲ. ಕೊನೆಯ ವಾಕ್ಯದ ಕಥೆ ಆಗಲೇ ಹೇಳಿದ್ದೇನೆ.

ಒಂದು ಗಂಟೆ ಕೂತು ತಿದ್ದಿದ ಮೇಲೆ ಉಳಿದದ್ದು ಇದು:

"ಬೆಲ್ಲ ನಾಲ್ಕು ಚಮಚ. ಬೇವಿನ ಹೂ ಒಂದು ಚಮಚ. ಎರಡನ್ನೂ ಸೇರಿಸಿ ಅಮ್ಮ ಕುಟ್ಟಿದ್ದಾರೆ. ಇನ್ನು ಇದರಿಂದ ಬೆಲ್ಲ ಮಾತ್ರ ಆರಿಸೋಕಾಗಲ್ಲ. ಬಾಯಿಗಿಟ್ಟರೆ ಮೊದಲು ಸಿಹಿ. ಆಮೇಲೆ ಕಹಿ. ಎರಡೂ ನಮ್ಮದೇ. ಹೊಸ ವರ್ಷ ಏನು ತಂದರೂ ಹೀಗೇ ಒಟ್ಟಿಗೆ ತಗೊಳ್ಳೋಣ. ನಿಮಗೂ ಮನೆಯವರಿಗೂ ಯುಗಾದಿ ಹಬ್ಬದ ಶುಭಾಶಯ. ಬನ್ನಿ, ಬೇವು-ಬೆಲ್ಲ ತಗೊಳ್ಳಿ."

ನಿಧಾನಕ್ಕೆ ಓದಿದರೆ ಅರ್ಧ ನಿಮಿಷ. ಉಳಿದ ಸಮಯ ಕುಟ್ಟುವ ಸದ್ದಿಗೆ, ಮತ್ತೆ ಒಂದು ಮುಖಕ್ಕೆ. ಆ ಮುಖ ತಿನ್ನುತ್ತಿರುವವರ ಮುಖ. "ಆಮೇಲೆ ಕಹಿ" ಅನ್ನುವಾಗ ಅವನ ಅಜ್ಜಿ ನಿಜವಾಗಿ ತಿನ್ನುತ್ತಿದ್ದರು. ಕಣ್ಣು ಒಂದು ಕ್ಷಣ ಮುಚ್ಚಿತು, ಆಮೇಲೆ ನಕ್ಕರು. ಅದನ್ನು ಮತ್ತೊಮ್ಮೆ ಮಾಡಿಸಬೇಡಿ. ಎರಡನೇ ಸಲ ನಾಲಿಗೆಗೆ ಕಹಿ ಮೊದಲೇ ಗೊತ್ತಿರುತ್ತದೆ, ಮುಖ ನಟಿಸುತ್ತದೆ. ಕ್ಯಾಮೆರಾವನ್ನು ಅಂಗೈ ಎತ್ತರಕ್ಕೆ ಇಟ್ಟು, ಕಿಟಕಿಯ ಬೆಳಕಿನಲ್ಲಿ, ಒಂದೇ ಸಲ ತೆಗೆಯಿರಿ. ಹಾಡು ಹಾಕಲೇಬೇಕು ಅಂತಿಲ್ಲ. ಕುಟ್ಟಾಣಿಯ ಸದ್ದೇ ಸಾಕು.

ಈ ವರ್ಷದ ಸಂವತ್ಸರದ ಹೆಸರು "ಪರಾಭವ". ಸೋಲು ಅಂತ ಅರ್ಥ. ಶುಭಾಶಯದಲ್ಲಿ ಹಾಕಬಹುದಾ?

ಈ ಸಲ ಇದನ್ನು ಕೇಳದವರೇ ಇಲ್ಲ. ಅರವತ್ತು ಸಂವತ್ಸರಗಳ ಸುತ್ತಿನಲ್ಲಿ ಪರಾಭವ ನಲವತ್ತನೆಯದು. 1987ರಲ್ಲಿ ಪ್ರಭವದಿಂದ ಈ ಸುತ್ತು ಶುರುವಾಯಿತು, 2026ಕ್ಕೆ ಪರಾಭವ ಬಂತು. ಹಿಂದೆ ಬಂದದ್ದು 1966ರಲ್ಲಿ. ಹೋದ ವರ್ಷದ್ದು ವಿಶ್ವಾವಸು, ಮುಂದಿನ ವರ್ಷದ್ದು ಪ್ಲವಂಗ. ಹೆಸರು ಸರದಿಯ ಪ್ರಕಾರ ಬರುತ್ತದೆ. ಯಾರೂ ಆರಿಸುವುದಿಲ್ಲ.

ಪೂಜೆಯ ಸಂಕಲ್ಪದಲ್ಲಿ ವರ್ಷವಿಡೀ ಈ ಹೆಸರನ್ನೇ ಹೇಳುತ್ತೇವೆ. ಹಾಗಿರುವಾಗ ಶುಭಾಶಯದಲ್ಲಿ ಮಾತ್ರ ಯಾಕೆ ಹೆದರಬೇಕು? ನಾನಂತೂ ಹಾಕುತ್ತೇನೆ. ಬೇವು-ಬೆಲ್ಲದ ಬಗ್ಗೆ ಮಾತಾಡುವ ವಿಡಿಯೊಗೆ ಇದಕ್ಕಿಂತ ಹೊಂದುವ ವರ್ಷ ಇನ್ನೊಂದಿಲ್ಲ. ಈ ಸಲದ ನಮ್ಮ ವಾಕ್ಯ: "ವರ್ಷದ ಹೆಸರು ಪರಾಭವ. ಸೋಲಿನ ಹೆಸರಿಟ್ಟುಕೊಂಡು ಬಂದ ವರ್ಷಕ್ಕೂ ಬೇವು-ಬೆಲ್ಲ ಕೊಟ್ಟು ಒಳಗೆ ಕರೆಯುತ್ತಿದ್ದೇವೆ."

ಆದರೆ ಪರೀಕ್ಷೆ ಬರೆಯುತ್ತಿರುವ ಮಕ್ಕಳಿಗೆ, ಹೊಸ ಅಂಗಡಿ ತೆರೆಯುತ್ತಿರುವವರಿಗೆ ಕಳಿಸುವಾಗ ಹೆಸರು ಬಿಟ್ಟು ಕಳಿಸಿ. ಅವರ ಮನಸ್ಸಿಗೆ ಅದು ಚುಚ್ಚಬಹುದು. ಹಳೆಯ ವಿಡಿಯೊ ಮತ್ತೆ ಕಳಿಸುವವರು ಸಂವತ್ಸರದ ಹೆಸರು ಬದಲಿಸಿದ್ದೀರಾ ಅಂತ ಒಮ್ಮೆ ನೋಡಿಕೊಳ್ಳಿ.

ನಮ್ಮ ಪಕ್ಕದ ಮನೆಯವರು ತೆಲುಗಿನವರು. ಅವರು ಆರು ರುಚಿ ಅನ್ನುತ್ತಾರೆ. ಯಾವುದು ಸರಿ?

ಎರಡೂ ಸರಿ. ಅವರದ್ದು ಯುಗಾದಿ ಪಚ್ಚಡಿ: ಬೇವಿನ ಹೂ, ಬೆಲ್ಲ, ಹುಣಸೆ ಹುಳಿ, ಮಾವಿನಕಾಯಿ, ಉಪ್ಪು, ಖಾರ. ಬೆಂಗಳೂರಿನಲ್ಲಿ ಒಂದೇ ಬೀದಿಯಲ್ಲಿ ಎರಡೂ ಇರುತ್ತವೆ. ನಮ್ಮ ಉತ್ತರ ಕರ್ನಾಟಕದ ಕಡೆಯೂ ಬೇವನ್ನು ಹುಣಸೆ ನೀರು, ಬೆಲ್ಲ, ಮಾವಿನಕಾಯಿ, ಪುಟಾಣಿ ಹಿಟ್ಟು ಹಾಕಿ ಪಾನಕದ ಹಾಗೆ ಕುಡಿಯುವ ಮನೆಗಳಿವೆ. ಅಲ್ಲಿ ಅದರ ಹೆಸರೇ "ಬೇವು". ಮರಾಠಿಗರ ಗುಡಿ ಪಾಡ್ಯಕ್ಕೂ ಬೇವಿದೆ. ಎಲ್ಲರಿಗೂ ಒಂದೇ ವಿಡಿಯೊ ಕಳಿಸುವುದಾದರೆ "ನಮ್ಮ ಮನೆಯಲ್ಲಿ ಹೀಗೆ" ಅಂತ ಮೂರು ಪದ ಸೇರಿಸಿ. ಮಂಗಳೂರು, ಉಡುಪಿ ಕಡೆಯ ಗೆಳೆಯರಿಗೆ ಹೊಸ ವರ್ಷ ಏಪ್ರಿಲ್ ಮಧ್ಯದ ಬಿಸು. ಅವರಿಗೆ ಅವತ್ತು ಮತ್ತೊಮ್ಮೆ ಹಾರೈಸಿ.

ಸಾವಾದ ಮನೆಗೆ ಶುಭಾಶಯ ಕಳಿಸಬಹುದಾ?

ಎಷ್ಟೋ ಮನೆಗಳಲ್ಲಿ ಸಾವಾಗಿ ಒಂದು ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ. ಅಂಥ ಮನೆಗೆ "ಹಬ್ಬದ ಶುಭಾಶಯ" ಅನ್ನುವ ವಿಡಿಯೊ ಕಳಿಸಬೇಡಿ. ಎಲ್ಲರ ಪಟ್ಟಿಗೆ ಒಟ್ಟಿಗೆ ಕಳಿಸುವ ಮೊದಲು ಆ ಹೆಸರುಗಳನ್ನು ತೆಗೆಯಿರಿ.

ಹಾಗಂತ ಮರೆತುಬಿಡಬೇಡಿ. ಹಬ್ಬದ ದಿನ ಎಲ್ಲರ ಫೋನು ಸದ್ದು ಮಾಡುವಾಗ ಅವರ ಫೋನು ಸುಮ್ಮನಿರುವುದು ಇನ್ನೂ ಕಷ್ಟ. ಆ ಪಕ್ಕದ ಬೀದಿಯ ಅಕ್ಕನಿಗೆ ನಾನು ಮರುವರ್ಷ ಏನು ಕಳಿಸಲಿ ಅಂತ ತುಂಬ ಯೋಚಿಸಿದೆ. ಆಗ ಅವರ ವರ್ಷ ತುಂಬಿತ್ತು, ಆದರೂ ಮನಸ್ಸು ತುಂಬಿರಲಿಲ್ಲ. ವಿಡಿಯೊ ಬಿಟ್ಟು ಒಂದು ಸಾಲು ಬರೆದೆ: "ಅಕ್ಕಾ, ಬೇವು ಬಿಡಿಸುವಾಗ ನಿಮ್ಮ ನೆನಪಾಯಿತು. ಸಂಜೆ ಬರಲಾ?" ಬಾ ಅಂದರು. ಪೇಪರಿನಲ್ಲಿ ಕಟ್ಟಿಕೊಂಡು ಹೋದ ಬೇವು-ಬೆಲ್ಲವನ್ನು ಅವರೇ ಬಿಚ್ಚಿ, ಮೊದಲು ಒಂದು ಹೂವನ್ನು ಬೇರೆ ತೆಗೆದು ಅದನ್ನೇ ತಿಂದರು. ಆಮೇಲೆ ಬೆಲ್ಲ ಸೇರಿದ್ದು ತಗೊಂಡರು. ಇಂಥ ಮನೆಗಳಿಗೆ ಬರಹಕ್ಕಿಂತ ಭೇಟಿ ಒಳ್ಳೆಯದು. ಅದಾಗದಿದ್ದರೆ ಫೋನು. ಅದೂ ಆಗದಿದ್ದರೆ ಅವರ ಹೆಸರು ಹಾಕಿ ಬರೆದ ಒಂದು ಸಾಲು.

"ಶುಭಾಶಯ" ಸರಿಯಾ, "ಶುಭಾಷಯ" ಸರಿಯಾ?

ಶುಭಾಶಯ. ಶುಭ ಮತ್ತು ಆಶಯ ಸೇರಿದ ಪದ. "ಹಾರ್ಧಿಕ" ಅಂತಲೂ ಬರೆಯುತ್ತಾರೆ, ಸರಿಯಾದ್ದು ಹಾರ್ದಿಕ. ಯುಗಾದಿ, ಉಗಾದಿ ಎರಡೂ ಬಳಕೆಯಲ್ಲಿವೆ. ಮಾತಿನಲ್ಲಿ ಉಗಾದಿ ಅನ್ನುವವರು ಬರವಣಿಗೆಗೆ ಮಾತ್ರ ಯುಗಾದಿ ತರುವುದು ಬೇಡ, ನಿಮ್ಮ ಬಾಯಿಗೆ ಬರುವುದನ್ನೇ ಹೇಳಿ.

ಮಕ್ಕಳಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಕೊಡಬಹುದಾ?

ಎಳೆ ಮಕ್ಕಳಿಗೆ ಬೇವು ಬೇಡ. ಬೇವಿನ ಎಣ್ಣೆಯನ್ನಂತೂ ಕೊಡಲೇಬಾರದು, ಅದು ಕೂಸುಗಳಿಗೆ ಅಪಾಯ. ಸ್ವಲ್ಪ ದೊಡ್ಡ ಮಕ್ಕಳಿಗೆ ಒಂದೆರಡು ಎಸಳು ಸಾಕು. ಬೇವಿದೆ ಅಂತ ಬೆಲ್ಲದ ಸಕ್ಕರೆ ಕಡಿಮೆಯಾಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಒಂದು ಚಿಟಿಕೆಗೆ ನಿಲ್ಲಿಸಲಿ. ಬಸುರಿಯರು ವೈದ್ಯರನ್ನು ಕೇಳಿ ತಗೊಳ್ಳಲಿ.

ಮಗಳು ವಿದೇಶದಲ್ಲಿದ್ದಾಳೆ. ಅಲ್ಲಿ ಬೇವು ಸಿಗುವುದಿಲ್ಲ. ಅವಳಿಗೆ ಕಳಿಸುವ ವಿಡಿಯೊದಲ್ಲಿ ಏನು ಹೇಳಲಿ?

ಒಣಗಿಸಿದ ಬೇವಿನ ಹೂ ಬೆಂಗಳೂರಿನ ಗ್ರಂಧಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಅವಳು ಊರಿಗೆ ಬಂದಾಗ ಒಂದು ಚಿಕ್ಕ ಡಬ್ಬಿ ಕಟ್ಟಿಕೊಡಿ. ಆಯಾ ದೇಶದವರು ಒಳಗೆ ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿಕೊಳ್ಳಿ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮುಂದಿನ ಹಬ್ಬದ ತನಕ ಬರುತ್ತದೆ. ಒಣ ಹೂ ಕುಟ್ಟುವ ಮೊದಲು ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಲಿ, ಗರಿಗರಿಯಾಗುತ್ತದೆ.

ಅದೂ ಇಲ್ಲದಿದ್ದರೆ ಕೆಲವರು ನಾಲ್ಕು ಮೆಂತ್ಯದ ಕಾಳಿನ ಜೊತೆ ಬೆಲ್ಲ ತಿನ್ನುತ್ತಾರೆ. ಅದು ಬೇವಲ್ಲ, ಆದರೆ ಕಹಿ ಇದೆ. ವಿಡಿಯೊದಲ್ಲಿ ನೀವು ಕುಟ್ಟಿ, ಅವಳ ಹೆಸರಿನ ಒಂದು ಚಿಟಿಕೆಯನ್ನು ಚಿಕ್ಕ ಬಟ್ಟಲಲ್ಲಿ ತೆಗೆದಿಡುವುದನ್ನು ತೋರಿಸಿ. "ಇದು ನಿನ್ನ ಪಾಲು ಪುಟ್ಟಿ, ನಿನ್ನ ಪರವಾಗಿ ಅಪ್ಪ ತಿಂತಾರೆ" ಅನ್ನಿ. ಅಪ್ಪ ತಿನ್ನುವಾಗ ಕ್ಯಾಮೆರಾ ಆಫ್ ಮಾಡಬೇಡಿ.